ಪಾಲಿಹೌಸ್‌ನಲ್ಲಿ ದೊಣ್ಣೆ ಮೆಣಸಿನಕಾಯಿಯ ಹೂವು ಉದುರುವಿಕೆ: ದೋಷ ಮನೆಯದೋ, ನಾಟಿಯ ದಿನಾಂಕದ್ದೋ?

ಗಿಡ ಸೊಂಪಾಗಿದೆ, ಎಲೆ ಕಡುಹಸಿರಾಗಿದೆ, ಪ್ರತಿ ಗೆಣ್ಣಿನಲ್ಲೂ ಮೊಗ್ಗು ಕಾಣುತ್ತದೆ. ಆದರೂ ಬೆಳಿಗ್ಗೆ ಸಾಲುಗಳ ನಡುವೆ ನಡೆದರೆ ಮಲ್ಚಿಂಗ್ ಹಾಳೆಯ ಮೇಲೆ ತೊಟ್ಟು ಸಹಿತ ಹೂವುಗಳು ಬಿದ್ದಿರುತ್ತವೆ, ಕಾಯಿ ಕಚ್ಚಿದ್ದು ಬೆರಳೆಣಿಕೆಯಷ್ಟು. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರದ ಕಡಿಮೆ ವೆಚ್ಚದ ಪಾಲಿಹೌಸ್‌ಗಳಲ್ಲಿ ಮಾರ್ಚ್‌ನಿಂದ ಮೇವರೆಗೆ ಅತಿ ಹೆಚ್ಚಾಗಿ ಕೇಳಿಬರುವ ದೂರು ಇದು. ಈ ದೂರು ಬಂದಾಗ ಸಾಮಾನ್ಯವಾಗಿ ನಡೆಯುವುದು ಹಾರ್ಮೋನ್ ಸಿಂಪಡಣೆ, ಅದು ಫಲಿಸದಿದ್ದರೆ ಬೋರಾನ್, ಅದೂ ಫಲಿಸದಿದ್ದರೆ ಇನ್ನೊಂದು ಕೀಟನಾಶಕ. ಯಾವುದನ್ನೂ ಅಳೆಯದೆ ಮಾಡುವ ಈ ಖರ್ಚು ಬಹುಮಟ್ಟಿಗೆ ವ್ಯರ್ಥವಾಗುತ್ತದೆ, ಏಕೆಂದರೆ ಹೂವು ಉದುರಲು ಕಾರಣ ಗಿಡದೊಳಗೆ ಇರುವುದಕ್ಕಿಂತ ಗಿಡದ ಸುತ್ತಲಿನ ಗಾಳಿಯಲ್ಲಿ, ಇಲ್ಲವೇ ನಾಟಿ ಮಾಡಿದ ತಿಂಗಳಲ್ಲಿ ಇರುವುದೇ ಹೆಚ್ಚು.

ಈ ಕೈಪಿಡಿ ಯಾಂತ್ರಿಕ ಫ್ಯಾನ್ ಮತ್ತು ಕೂಲಿಂಗ್ ಪ್ಯಾಡ್ ಇಲ್ಲದ, ಪಕ್ಕದ ಪರದೆ ಮತ್ತು ನೆತ್ತಿಯ ಕಿಂಡಿಗಳ ಮೂಲಕವೇ ಗಾಳಿಯಾಡುವ ಪಾಲಿಹೌಸ್‌ಗೆ ಸಂಬಂಧಿಸಿದೆ. ಇಂಥ ಮನೆಯಲ್ಲಿ ಹೂವು ಉದುರಿದಾಗ ಮೊದಲು ಉತ್ತರಿಸಬೇಕಾದ ಪ್ರಶ್ನೆ ಒಂದೇ: ಒಳಗಿನ ಶಾಖಕ್ಕೆ ಮನೆಯೇ ಕಾರಣವೋ, ಅಥವಾ ಹೊರಗಿನ ಋತುವೇ ಕಾರಣವೋ? ಮನೆಯ ದೋಷವಾದರೆ ಅದನ್ನು ವಾರದೊಳಗೆ ಸರಿಪಡಿಸಬಹುದು. ಋತುವಿನ ದೋಷವಾದರೆ ಈ ಬೆಳೆಯಲ್ಲಿ ಸ್ವಲ್ಪ ಮಾತ್ರ ಉಳಿಸಬಹುದು, ಉಳಿದ ಪರಿಹಾರ ಮುಂದಿನ ಬೆಳೆಯ ವೇಳಾಪಟ್ಟಿಯಲ್ಲಿದೆ.

ಮೊದಲ ನೋಟ: ಏನು ಉದುರುತ್ತಿದೆ, ಎಲ್ಲಿ ಉದುರುತ್ತಿದೆ

ಉಪಕರಣ ಕೈಗೆತ್ತಿಕೊಳ್ಳುವ ಮೊದಲು ಇಡೀ ಮನೆಯನ್ನು ಒಮ್ಮೆ ನಿಧಾನವಾಗಿ ಸುತ್ತಬೇಕು. ಪಕ್ಕದ ಪರದೆಗೆ ಹತ್ತಿರವಿರುವ ಸಾಲುಗಳಲ್ಲಿ ಕಾಯಿ ಚೆನ್ನಾಗಿ ಕಚ್ಚಿದ್ದು, ನಡುಮನೆಯ ಸಾಲುಗಳಲ್ಲಿ ಮಾತ್ರ ಹೂವು ಉದುರುತ್ತಿದ್ದರೆ ಗಾಳಿಯಾಟದ ಕೊರತೆಯನ್ನು ಶಂಕಿಸಬೇಕು. ಎಲ್ಲ ಸಾಲುಗಳಲ್ಲೂ ಒಂದೇ ರೀತಿ ಉದುರುತ್ತಿದ್ದರೆ ಋತು, ಬೆಳಕು ಅಥವಾ ಅತಿಯಾದ ಸಾರಜನಕದ ಕಡೆಗೆ ಗಮನ ಹರಿಸಬೇಕು. ಅಲ್ಲಲ್ಲಿ ತೇಪೆಯಂತೆ ಉದುರುತ್ತಿದ್ದರೆ ಆ ಜಾಗದಲ್ಲಿ ಡ್ರಿಪ್ಪರ್ ಕಟ್ಟಿಕೊಂಡಿದೆಯೇ, ಕೀಟದ ಬಾಧೆಯಿದೆಯೇ ಎಂದು ನೋಡಬೇಕು.

ಕೀಟವನ್ನು ಬೇಗ ಪಕ್ಕಕ್ಕಿಡಬಹುದು. ಅರಳಿದ ಹೂವನ್ನು ಬಿಳಿ ಕಾಗದದ ಮೇಲೆ ಹಿಡಿದು ಬೆರಳಿನಿಂದ ತಟ್ಟಿದರೆ ಥ್ರಿಪ್ಸ್ ಇದ್ದರೆ ತೆಳುವಾದ ಹಳದಿ ಅಥವಾ ಕಂದು ಗೀರಿನಂಥ ಹುಳುಗಳು ಹರಿದಾಡುತ್ತವೆ. ಥ್ರಿಪ್ಸ್ ಬಾಧೆಯಲ್ಲಿ ಎಳೆಯ ಎಲೆಯ ಅಂಚು ಮೇಲಕ್ಕೆ ಮಡಚಿಕೊಳ್ಳುತ್ತದೆ, ಮೈಟ್ ನುಸಿಯ ಬಾಧೆಯಲ್ಲಿ ಕೆಳಕ್ಕೆ ಮಡಚಿಕೊಂಡು ಮಗುಚಿದ ದೋಣಿಯಂತಾಗುತ್ತದೆ. ಇವೆರಡೂ ಇಲ್ಲದೆ ಎಲೆ ನೇರವಾಗಿ, ಹಸಿರಾಗಿ ಇದ್ದರೆ ಕೀಟನಾಶಕದ ಡಬ್ಬಿಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು.

ಇನ್ನೊಂದು ಸಂಗತಿಯನ್ನು ವಿದ್ಯಾರ್ಥಿಗಳು ಹಲವು ಬಾರಿ ದೋಷವೆಂದು ತಪ್ಪಾಗಿ ಗುರುತಿಸುತ್ತಾರೆ. ಗಿಡದ ಕೆಳಗಿನ ಗೆಣ್ಣುಗಳಲ್ಲಿ ನಾಲ್ಕೈದು ಕಾಯಿಗಳು ಒಟ್ಟಿಗೆ ದಪ್ಪವಾಗುತ್ತಿದ್ದರೆ ಮೇಲಿನ ಹೂವುಗಳು ತಾವಾಗಿಯೇ ಉದುರುತ್ತವೆ, ಏಕೆಂದರೆ ಗಿಡ ತಯಾರಿಸಿದ ಆಹಾರವನ್ನು ಬೆಳೆಯುತ್ತಿರುವ ಕಾಯಿಗಳೇ ಎಳೆದುಕೊಳ್ಳುತ್ತವೆ. ಆ ಕಾಯಿಗಳನ್ನು ಕೊಯ್ದ ನಂತರ ಹೊಸ ಅಲೆಯಲ್ಲಿ ಹೂವು ನಿಲ್ಲುತ್ತದೆ. ದೊಣ್ಣೆ ಮೆಣಸಿನಕಾಯಿ ಸ್ವಭಾವತಃ ಹೀಗೆ ಅಲೆಅಲೆಯಾಗಿ ಫಲ ಕೊಡುವ ಬೆಳೆ. ಆದ್ದರಿಂದ ಕೆಳಗೆ ಕಾಯಿಯ ಹೊರೆ ಇಲ್ಲದಿದ್ದರೂ ಹೂವು ಉದುರುತ್ತಿದೆ ಎಂಬುದು ಖಚಿತವಾದ ಮೇಲೆಯೇ ಮುಂದಿನ ಹಂತಕ್ಕೆ ಹೋಗಬೇಕು.

ಎರಡು ಥರ್ಮಾಮೀಟರ್‌ಗಳ ಪರೀಕ್ಷೆ

ದೋಷ ಪತ್ತೆಯ ಬೆನ್ನೆಲುಬು ಇದೇ. ಒಳಗೆ ಎಷ್ಟು ಡಿಗ್ರಿ ಇದೆ ಎಂಬ ಒಂದೇ ಅಂಕಿಯಿಂದ ಏನೂ ತಿಳಿಯುವುದಿಲ್ಲ. ಅದೇ ಹೊತ್ತಿಗೆ ಹೊರಗೆ ನೆರಳಿನಲ್ಲಿ ಎಷ್ಟಿದೆ ಎಂಬುದು ಗೊತ್ತಾದಾಗ ಮಾತ್ರ ಮನೆಯನ್ನೂ ಋತುವನ್ನೂ ಬೇರ್ಪಡಿಸಲು ಸಾಧ್ಯ.

ಎರಡು ಥರ್ಮಾಮೀಟರ್‌ಗಳನ್ನು ಮೊದಲು ಒಂದೇ ನೆರಳಿನಲ್ಲಿ ಪಕ್ಕಪಕ್ಕ ಇಟ್ಟು, ಕಾಲು ಗಂಟೆಯ ನಂತರ ಓದಿ, ಅವುಗಳ ನಡುವೆ ವ್ಯತ್ಯಾಸವಿದ್ದರೆ ಬರೆದಿಟ್ಟುಕೊಳ್ಳಬೇಕು. ಆಮೇಲೆ ಒಂದನ್ನು ಪಾಲಿಹೌಸ್‌ನ ನಡುವೆ, ಗಿಡದ ತುದಿಯ ಎತ್ತರದಲ್ಲಿ, ಇನ್ನೊಂದನ್ನು ಹೊರಗೆ ಅದೇ ಎತ್ತರದಲ್ಲಿ ತೂಗುಹಾಕಬೇಕು. ಎರಡಕ್ಕೂ ನೇರ ಬಿಸಿಲು ಬೀಳಬಾರದು. ಎರಡು ಬಿಳಿ ಪ್ಲಾಸ್ಟಿಕ್ ತಟ್ಟೆಗಳನ್ನು ಮಗುಚಿ, ನಡುವೆ ಎರಡು ಬೆರಳಿನಷ್ಟು ಅಂತರ ಬಿಟ್ಟು ಒಂದರ ಮೇಲೊಂದು ಕಟ್ಟಿದರೆ, ಅದರ ಕೆಳಗೆ ತೂಗಿದ ಥರ್ಮಾಮೀಟರ್‌ಗೆ ನೆರಳೂ ಸಿಗುತ್ತದೆ, ಗಾಳಿಯೂ ಆಡುತ್ತದೆ. ಕಂಬಕ್ಕೆ ಮೊಳೆ ಹೊಡೆದು ಬಿಸಿಲಿಗೆ ತೂಗುಹಾಕಿದ ಉಪಕರಣ ಗಾಳಿಯ ಉಷ್ಣತೆಯನ್ನು ತೋರಿಸುವುದಿಲ್ಲ, ತಾನೇ ಕಾದು ಹಲವು ಡಿಗ್ರಿ ಹೆಚ್ಚಾಗಿ ತೋರಿಸುತ್ತದೆ. ಅಂಥ ಅಂಕಿಯನ್ನು ನಂಬಿ ಶೇಡ್ ನೆಟ್ ಖರೀದಿಸುವವರಿದ್ದಾರೆ, ಆದ್ದರಿಂದ ಈ ಸಣ್ಣ ವಿವರವನ್ನು ಒತ್ತಿ ಹೇಳುತ್ತಿದ್ದೇನೆ.

ಬಿಸಿಲು ಚೆನ್ನಾಗಿರುವ ದಿನ, ಮಧ್ಯಾಹ್ನ ಒಂದರಿಂದ ಎರಡು ಗಂಟೆಯ ನಡುವೆ ಓದಬೇಕು. ಚೆನ್ನಾಗಿ ಗಾಳಿಯಾಡುವ ಪಾಲಿಹೌಸ್‌ನಲ್ಲಿ ಒಳಗಿನ ಉಷ್ಣತೆ ಹೊರಗಿಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ಹೆಚ್ಚಿರುವುದು ಸಹಜ, ಅದನ್ನು ದೋಷವೆಂದು ಕರೆಯಬೇಕಾಗಿಲ್ಲ. ವ್ಯತ್ಯಾಸ 7 ಡಿಗ್ರಿಯನ್ನು ದಾಟಿದರೆ ಗಾಳಿಯ ದಾರಿ ಎಲ್ಲೋ ಮುಚ್ಚಿದೆ ಎಂದೇ ತಿಳಿಯಬೇಕು. ಇವುಗಳ ನಡುವಿನ ಅಂಕಿ ಬಂದರೆ, ಅಂದು ಗಾಳಿಯೇ ಬೀಸದಿದ್ದಿರಬಹುದು, ಹಾಗಾಗಿ ಇನ್ನೂ ಒಂದೆರಡು ದಿನ ಅಳೆದು ನಿರ್ಧರಿಸಬೇಕು.

ಇದರ ಜೊತೆಗೆ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ದಾಖಲಿಸುವ ಉಪಕರಣವನ್ನು ಒಳಗೆ ಇಟ್ಟು ರಾತ್ರಿಯ ಉಷ್ಣತೆಯನ್ನೂ ಬರೆದಿಡಬೇಕು. ದೊಣ್ಣೆ ಮೆಣಸಿನಕಾಯಿಗೆ ಹಗಲಿನಲ್ಲಿ 21ರಿಂದ 28, ರಾತ್ರಿಯಲ್ಲಿ 16ರಿಂದ 20 ಡಿಗ್ರಿ ಹಿತಕರ. ಹಗಲು 32 ಡಿಗ್ರಿಗಿಂತ ಮೇಲೆ ಹೋಗಿ, ರಾತ್ರಿಯೂ 24 ಡಿಗ್ರಿಗಿಂತ ಕೆಳಗಿಳಿಯದೆ ಇದ್ದರೆ ಕಾಯಿ ಕಚ್ಚುವುದು ತೀವ್ರವಾಗಿ ಕುಸಿಯುತ್ತದೆ. ಹಗಲಿನ ಶಾಖವನ್ನು ಮಾತ್ರ ನೋಡಿ ರಾತ್ರಿಯನ್ನು ಮರೆಯುವುದು ಸಾಮಾನ್ಯ ಲೋಪ.

ಇಂದು ಉದುರಿದ ಹೂವಿಗೆ ಎಂದಿನ ಬಿಸಿಲು ಕಾರಣ?

ಹೂವು ಉದುರುವುದಕ್ಕೆ ಶಾಖ ಎರಡು ದಾರಿಯಲ್ಲಿ ಕಾರಣವಾಗುತ್ತದೆ. ಬಿಸಿಯಾದ ಒಣ ಗಾಳಿ ಬೀಸಿದಾಗ ಅರಳಿದ ಹೂವು ಮತ್ತು ಮೊಗ್ಗು ಕೆಲವೇ ದಿನಗಳಲ್ಲಿ ತೊಟ್ಟು ಹಳದಿಯಾಗಿ ಬೀಳುತ್ತವೆ. ಎರಡನೆಯದು ನಿಧಾನವಾದ, ಕಣ್ಣಿಗೆ ಕಾಣದ ದಾರಿ. ಮೊಗ್ಗಿನೊಳಗೆ ಪರಾಗ ರೂಪುಗೊಳ್ಳುವುದು ಹೂವು ಅರಳುವುದಕ್ಕೆ ಸುಮಾರು ಎರಡು ವಾರ ಮೊದಲು. ಆ ಹಂತದಲ್ಲಿ ಶಾಖ ತಗುಲಿದರೆ ಪರಾಗ ಜೊಳ್ಳಾಗುತ್ತದೆ. ಹೂವು ಮಾತ್ರ ನೋಡಲು ಆರೋಗ್ಯವಾಗಿಯೇ ಅರಳುತ್ತದೆ, ಆದರೆ ಫಲಿತವಾಗದೆ ಬೀಳುತ್ತದೆ.

ಇದರಿಂದ ದೋಷ ಪತ್ತೆಗೆ ಎರಡು ಮುಖ್ಯ ಪರಿಣಾಮಗಳಿವೆ. ಇವತ್ತು ಹವೆ ತಂಪಾಗಿದ್ದರೂ ಹೂವು ಉದುರುತ್ತಿದ್ದರೆ ಎರಡು ವಾರ ಹಿಂದಿನ ದಾಖಲೆಯನ್ನು ತೆರೆದು ನೋಡಬೇಕು. ಹಾಗೆಯೇ, ಇವತ್ತು ಗಾಳಿಯ ದಾರಿಯನ್ನು ಸರಿಪಡಿಸಿದರೆ ಅದರ ಪೂರ್ಣ ಫಲ ಎರಡು ವಾರಗಳ ನಂತರವೇ ಕಾಣಿಸುತ್ತದೆ. ಮೂರು ದಿನ ಕಾದು ‘ಏನೂ ಪ್ರಯೋಜನವಾಗಲಿಲ್ಲ’ ಎಂದು ಸರಿಯಾದ ಕ್ರಮವನ್ನೇ ಕೈಬಿಡುವುದು ಈ ವಿಳಂಬವನ್ನು ತಿಳಿಯದ ಕಾರಣಕ್ಕೆ.

ಪರಾಗದ ಸ್ಥಿತಿಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಸುಲಭವಾಗಿ ನೋಡಬಹುದು. ಬೆಳಿಗ್ಗೆ ಆಗಷ್ಟೇ ಅರಳಿದ ಹೂವಿನಿಂದ ಒಂದು ಪರಾಗಕೋಶವನ್ನು ಬಿಡಿಸಿ, ಗಾಜಿನ ಸ್ಲೈಡ್ ಮೇಲೆ ಒಂದು ಹನಿ ಅಸಿಟೋಕಾರ್ಮಿನ್ ದ್ರಾವಣದಲ್ಲಿ ಸೂಜಿಯಿಂದ ಒತ್ತಿ, ಕವರ್ ಗಾಜು ಇಟ್ಟು ಕೆಲವು ನಿಮಿಷ ಬಿಡಬೇಕು. ಸೂಕ್ಷ್ಮದರ್ಶಕದಲ್ಲಿ ಆರೋಗ್ಯವಾದ ಪರಾಗಕಣ ದುಂಡಗೆ, ಗಾಢ ಕೆಂಪಾಗಿ ಕಾಣುತ್ತದೆ. ಜೊಳ್ಳಾದ ಕಣ ಸುಕ್ಕುಗಟ್ಟಿ, ಬಣ್ಣ ಹಿಡಿಯದೆ ಗಾಜಿನ ಚೂರಿನಂತೆ ಉಳಿಯುತ್ತದೆ. ಬೇರೆ ಬೇರೆ ಗಿಡಗಳ ಹೂವುಗಳಲ್ಲಿ ಬಣ್ಣ ಹಿಡಿಯದ ಕಣಗಳೇ ಹೆಚ್ಚಾಗಿದ್ದರೆ ದೋಷ ಬಹುಮಟ್ಟಿಗೆ ಉಷ್ಣತೆಯದು, ಬೋರಾನ್ ಸಿಂಪಡಿಸಿ ಕಾಯುವುದರಲ್ಲಿ ಅರ್ಥವಿಲ್ಲ. ಪ್ರಯೋಗಾಲಯ ದೂರವಿದ್ದರೆ, ಹೂವನ್ನು ಕಪ್ಪು ಬಟ್ಟೆಯ ಮೇಲೆ ತಟ್ಟಿ ಪುಡಿ ಬೀಳುತ್ತದೆಯೇ ಎಂದು ನೋಡುವುದು ಒರಟಾದ ಪರೀಕ್ಷೆ. ಪುಡಿ ಬಿದ್ದ ಮಾತ್ರಕ್ಕೆ ಪರಾಗ ಸಜೀವವಾಗಿದೆ ಎನ್ನಲಾಗದು, ಆದರೆ ಪುಡಿಯೇ ಬೀಳದಿದ್ದರೆ ತೊಂದರೆ ಇರುವುದು ಬಹುತೇಕ ನಿಶ್ಚಿತ.

ಒಂದು ಉದಾಹರಣೆ: 41 ಡಿಗ್ರಿಯ ಮನೆ

ಚಿಕ್ಕಬಳ್ಳಾಪುರ ಭಾಗದ ಒಂದು ಪಾಲಿಹೌಸ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಉದ್ದ 25 ಮೀಟರ್, ಅಗಲ 20 ಮೀಟರ್, ಒಟ್ಟು 500 ಚದರ ಮೀಟರ್. ಎರಡು ಕಮಾನುಗಳು, 200 ಮೈಕ್ರಾನ್ ಹಾಳೆ, ಸುತ್ತಲೂ ಒಂದೂವರೆ ಮೀಟರ್ ಎತ್ತರದ ಕಿಂಡಿಗೆ 40 ಮೆಶ್ ಕೀಟ ನಿರೋಧಕ ಬಲೆ, ಪ್ರತಿ ಕಮಾನಿನ ನೆತ್ತಿಯಲ್ಲಿ 60 ಸೆಂಟಿಮೀಟರ್ ಅಗಲದ ಕಿಂಡಿ. ಫೆಬ್ರವರಿ ಎರಡನೇ ವಾರದಲ್ಲಿ ನಾಟಿಯಾಗಿದೆ. ಏಪ್ರಿಲ್ ಮಧ್ಯದಲ್ಲಿ ಹೂವು ಉದುರುತ್ತಿದೆ. ಎರಡು ಥರ್ಮಾಮೀಟರ್‌ಗಳ ಪರೀಕ್ಷೆಯಲ್ಲಿ ಹೊರಗೆ 33, ಒಳಗೆ 41 ಡಿಗ್ರಿ ಬಂದಿದೆ. ವ್ಯತ್ಯಾಸ 8 ಡಿಗ್ರಿ, ಅಂದರೆ ಮನೆಯಲ್ಲಿ ದೋಷವಿದೆ.

ಮುಂದಿನ ಕೆಲಸ ಕಿಂಡಿಗಳ ಲೆಕ್ಕ. ಸುತ್ತಳತೆ 90 ಮೀಟರ್, ಕಿಂಡಿಯ ಎತ್ತರ ಒಂದೂವರೆ ಮೀಟರ್, ಆದ್ದರಿಂದ ಪಕ್ಕದ ಕಿಂಡಿಗಳ ವಿಸ್ತೀರ್ಣ 135 ಚದರ ಮೀಟರ್. ನೆತ್ತಿಯ ಎರಡು ಕಿಂಡಿಗಳು 25 ಮೀಟರ್ ಉದ್ದದವು, ಅವು 30 ಚದರ ಮೀಟರ್. ಒಟ್ಟು 165 ಚದರ ಮೀಟರ್, ನೆಲದ ವಿಸ್ತೀರ್ಣದ ಶೇ. 33. ಸ್ವಾಭಾವಿಕ ಗಾಳಿಯಾಟದ ಮನೆಗೆ ನೆಲದ ವಿಸ್ತೀರ್ಣದ ಶೇ. 20ರಿಂದ 30ರಷ್ಟು ಕಿಂಡಿ ಇರಬೇಕೆಂಬುದು ರೂಢಿಯ ಮಾನದಂಡವಾದ್ದರಿಂದ ಕಾಗದದ ಮೇಲೆ ಈ ಮನೆ ಸರಿಯಾಗಿದೆ. ದೋಷ ಪತ್ತೆ ಮಾಡುವವರು ಕಾಗದವನ್ನು ಬಿಟ್ಟು ಈಗ ಯಾವ ಕಿಂಡಿ ನಿಜವಾಗಿ ತೆರೆದಿದೆ ಎಂದು ನೋಡಬೇಕು. ಪಶ್ಚಿಮದ ಪರದೆ ಹಿಂದಿನ ಮಳೆಗಾಲದಲ್ಲಿ ಇಳಿಸಿದ್ದು ಹಾಗೆಯೇ ಉಳಿದು, ಸುತ್ತುವ ಪೈಪ್ ಬಾಗಿ ಸಿಕ್ಕಿಕೊಂಡಿದೆ. ಉತ್ತರದ ಗೋಡೆಗೆ ಒತ್ತಿಕೊಂಡು ಹಸುವಿನ ಕೊಟ್ಟಿಗೆ ಇರುವುದರಿಂದ ಅತ್ತ ಪರದೆ ತೆರೆದೇ ಇಲ್ಲ. ಮಳೆನೀರು ಒಳಗೆ ಸೋರುತ್ತದೆಂದು ನೆತ್ತಿಯ ಎರಡೂ ಕಿಂಡಿಗಳ ಮೇಲೆ ಹಳೆಯ ಹಾಳೆಯ ತುಂಡುಗಳನ್ನು ಕಟ್ಟಲಾಗಿದೆ. ಉಳಿದದ್ದು ಪೂರ್ವದ 37.5 ಮತ್ತು ದಕ್ಷಿಣದ 30, ಒಟ್ಟು 67.5 ಚದರ ಮೀಟರ್, ನೆಲದ ಶೇ. 13.5 ಮಾತ್ರ.

ಆ ಶೇ. 13.5 ಕೂಡ ಪೂರ್ತಿ ಕಿಂಡಿಯಲ್ಲ. 40 ಮೆಶ್ ಬಲೆಯ ಮುಖದಲ್ಲಿ ಸುಮಾರು ಅರ್ಧ ಭಾಗ ನೂಲೇ ಇರುತ್ತದೆ, ಉಳಿದರ್ಧ ಮಾತ್ರ ತೂತು. ರಸ್ತೆ ಬದಿಯ ತೋಟದಲ್ಲಿ ಬೇಸಿಗೆಯ ಧೂಳು ಆ ತೂತುಗಳನ್ನೂ ತುಂಬುತ್ತದೆ. ಬಲೆಯ ಒಂದು ಭಾಗವನ್ನು ಆಕಾಶಕ್ಕೆ ಎದುರಾಗಿ ಹಿಡಿದು ನೋಡಿದರೆ ಸ್ವಚ್ಛ ಬಲೆಯಲ್ಲಿ ಚೌಕಗಳು ಬೇರೆಬೇರೆಯಾಗಿ ಹೊಳೆಯುತ್ತವೆ, ಧೂಳು ತುಂಬಿದ ಬಲೆ ಕಂದು ಬಟ್ಟೆಯಂತೆ ಕಾಣುತ್ತದೆ. ಗಾಳಿ ಹಾಯುತ್ತಿದೆಯೇ ಎಂದು ತಿಳಿಯಲು ಊದುಬತ್ತಿ ಸಾಕು. ಹೊರಗೆ ತಿಳಿಗಾಳಿ ಬೀಸುತ್ತಿರುವಾಗ ಹೊತ್ತಿಸಿದ ಊದುಬತ್ತಿಯನ್ನು ಬಲೆಯಿಂದ ಒಂದು ಗೇಣು ಒಳಗೆ ಹಿಡಿದರೆ ಹೊಗೆ ಸ್ಪಷ್ಟವಾಗಿ ಒಳಮುಖವಾಗಿ ಬಾಗಬೇಕು. ಮನೆಯ ನಡುವೆ, ಗಿಡದ ತುದಿಯ ಎತ್ತರದಲ್ಲಿ ಹಿಡಿದರೆ ಅದು ಓರೆಯಾಗಿ ಸಾಗಿ ನೆತ್ತಿಯ ಕಡೆಗೆ ಏರಬೇಕು. ಈ ಮನೆಯಲ್ಲಿ ನಡುವೆ ಹಿಡಿದ ಊದುಬತ್ತಿಯ ಹೊಗೆ ನೆಟ್ಟಗೆ ಮೇಲಕ್ಕೆ ಹೋಗಿ ಹಾಳೆಯ ಕೆಳಗೆ ಹರಡಿ ನಿಲ್ಲುತ್ತದೆ. ಬಿಸಿಗಾಳಿ ಹೊರಹೋಗುವ ದಾರಿ ನೆತ್ತಿಯಲ್ಲಿ ಮುಚ್ಚಿರುವುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಸರಿಪಡಿಸುವ ಕ್ರಮದಲ್ಲೂ ಒಂದು ಆದ್ಯತೆ ಇದೆ. ಮೊದಲು ನೆತ್ತಿಯ ಹಾಳೆ ತುಂಡುಗಳನ್ನು ತೆಗೆಯಬೇಕು, ಏಕೆಂದರೆ ಬಿಸಿಗಾಳಿ ಹಗುರವಾಗಿ ಮೇಲೇರುವುದರಿಂದ ಅಲ್ಲಿನ ಒಂದು ಚದರ ಮೀಟರ್ ಕಿಂಡಿ ಪಕ್ಕದ ಕಿಂಡಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಆಮೇಲೆ ಪಶ್ಚಿಮದ ಪೈಪ್ ನೇರ ಮಾಡಿ ಪರದೆಯನ್ನು ಬಿಡಿಸಬೇಕು. ಬಲೆಯನ್ನು ಒಳಗಿನಿಂದ ಹೊರಕ್ಕೆ ನೀರು ಚಿಮ್ಮುವಂತೆ ತೊಳೆಯಬೇಕು, ಹೊರಗಿನಿಂದ ಹೊಡೆದರೆ ಧೂಳು ನೂಲಿನ ನಡುವೆ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಕೊಟ್ಟಿಗೆಯನ್ನು ಸರಿಸಲಾಗದು, ಅದನ್ನು ಒಪ್ಪಿಕೊಂಡು ಮುಂದುವರಿಯಬೇಕು. ಇಷ್ಟಾದ ಮೇಲೆ ಕಿಂಡಿಯ ವಿಸ್ತೀರ್ಣ 135 ಚದರ ಮೀಟರ್, ಶೇ. 27 ಆಗುತ್ತದೆ. ಒಳಗಿನ ಉಷ್ಣತೆ 41ರಿಂದ 37ರ ಆಸುಪಾಸಿಗೆ ಇಳಿಯುವುದನ್ನು ನಿರೀಕ್ಷಿಸಬಹುದು, ಅಂದರೆ ವ್ಯತ್ಯಾಸ 4 ಡಿಗ್ರಿ. ಮನೆಯ ದೋಷ ಇಲ್ಲಿಗೆ ತೀರಿತು.

ಆದರೆ 37 ಡಿಗ್ರಿ ಇನ್ನೂ 37 ಡಿಗ್ರಿಯೇ. ಉಳಿದದ್ದು ಏಪ್ರಿಲ್‌ನ ಶಾಖ.

ನೆತ್ತಿಯ ಕಿಂಡಿಯನ್ನು ಮಳೆಗೆ ಹೆದರಿ ಮುಚ್ಚುವುದು ತಪ್ಪಬೇಕಾದರೆ ಕಟ್ಟುವಾಗಲೇ ಅದರ ದಿಕ್ಕನ್ನು ಯೋಚಿಸಿರಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುತ್ತದೆ. ಕಿಂಡಿಯ ಬಾಯಿ ಪೂರ್ವಕ್ಕೆ ಇದ್ದರೆ ಮಳೆ ಎರಚುವುದಿಲ್ಲ, ಅದೇ ಗಾಳಿ ನೆತ್ತಿಯ ಮೇಲೆ ಹಾದು ಹೋಗುವಾಗ ಒಳಗಿನ ಬಿಸಿಗಾಳಿಯನ್ನು ಎಳೆದುಕೊಂಡೂ ಹೋಗುತ್ತದೆ. ಈ ಉದಾಹರಣೆಯಲ್ಲಿ ಬಾಯಿ ಪಶ್ಚಿಮಕ್ಕಿರುವುದೇ ಹಾಳೆಯ ತುಂಡು ಕಟ್ಟಲು ಮೂಲ ಕಾರಣ.

ನೆರಳು ಮತ್ತು ಮಂಜು: ಎಷ್ಟು ನಿರೀಕ್ಷಿಸಬಹುದು

ಗಾಳಿಯ ದಾರಿ ತೆರೆದ ಮೇಲೆಯೇ ನೆರಳಿನ ಮಾತು. ಶೇಡ್ ನೆಟ್ ಅನ್ನು ಮನೆಯೊಳಗೆ ಗಿಡದ ಮೇಲೆ ಕಟ್ಟುವ ರೂಢಿ ವ್ಯಾಪಕವಾಗಿದೆ, ಅದರಲ್ಲೂ ಕಪ್ಪು ನೆಟ್. ಆ ನೆಟ್ ಬಿಸಿಲನ್ನು ಹೀರಿ ಕಾದು, ಹೀರಿದ ಶಾಖವನ್ನು ಮನೆಯೊಳಗೇ ಬಿಡುತ್ತದೆ. ನೆಲಕ್ಕೆ ನೆರಳು ಬೀಳುತ್ತದೆ, ಗಾಳಿ ಮಾತ್ರ ತಂಪಾಗುವುದಿಲ್ಲ. ಅಡ್ಡಲಾಗಿ ಕಟ್ಟಿದ ನೆಟ್ ನೆತ್ತಿಗೆ ಏರುವ ಗಾಳಿಯನ್ನೂ ತಡೆಯುತ್ತದೆ. ಕಡಿಮೆ ವೆಚ್ಚದಲ್ಲಿ ಮಾಡುವುದಾದರೆ ಶೇ. 35ರಿಂದ 50ರ ಬಿಳಿ ನೆಟ್ ಅನ್ನು ಹಾಳೆಯ ಹೊರಗೆ, ಹಾಳೆಗೆ ತಾಗದಂತೆ ಒಂದು ಅಡಿಯಷ್ಟು ಮೇಲೆ ತಂತಿಯ ಮೇಲೆ ಹರಡುವುದು ಉತ್ತಮ. ಹನ್ನೊಂದರಿಂದ ಮೂರೂವರೆಯವರೆಗೆ ಮಾತ್ರ ಎಳೆದು, ಉಳಿದ ಹೊತ್ತು ಸರಿಸಿಡಬೇಕು. ಜೂನ್ ಬಂದು ಮೋಡ ಕವಿದ ಮೇಲೂ ನೆಟ್ ಅಲ್ಲೇ ಉಳಿದರೆ ಬೆಳಕಿನ ಕೊರತೆಯಿಂದಲೂ ಹೂವು ಉದುರುತ್ತದೆ. ಆಗ ಗಿಡದ ಗೆಣ್ಣುಗಳ ನಡುವಿನ ಅಂತರ ಉದ್ದವಾಗಿ, ಎಲೆ ಅಗಲವೂ ತೆಳುವೂ ಆಗುತ್ತದೆ. ಶಾಖದಿಂದ ಉದುರಿದ್ದಕ್ಕೂ ಬೆಳಕಿಲ್ಲದೆ ಉದುರಿದ್ದಕ್ಕೂ ವ್ಯತ್ಯಾಸವನ್ನು ಈ ಗುರುತಿನಿಂದ ಹೇಳಬಹುದು.

ನೀರನ್ನು ಮಂಜಿನಂತೆ ಸಿಂಪಡಿಸುವ ಫಾಗರ್‌ನಿಂದ ಎಷ್ಟು ತಂಪು ಸಿಗುತ್ತದೆ ಎಂಬುದನ್ನು ಊಹಿಸಬೇಕಾಗಿಲ್ಲ, ಒದ್ದೆ ಬಲ್ಬ್ ಥರ್ಮಾಮೀಟರ್ ಅದನ್ನು ಮೊದಲೇ ಹೇಳುತ್ತದೆ. ಥರ್ಮಾಮೀಟರ್‌ನ ಬುಡಕ್ಕೆ ತೆಳು ಹತ್ತಿ ಬಟ್ಟೆ ಸುತ್ತಿ, ಅದರ ತುದಿಯನ್ನು ಶುದ್ಧ ನೀರಿನ ಬಾಟಲಿಯಲ್ಲಿ ಇಟ್ಟು, ಬೀಸಣಿಗೆಯಿಂದ ಗಾಳಿ ಹಾಕಿ, ಇನ್ನು ಇಳಿಯುವುದಿಲ್ಲ ಎಂದಾದಾಗ ಓದಬೇಕು. ನೀರು ಆವಿಯಾಗುವುದರಿಂದ ಗಾಳಿ ತಂಪಾಗಬಹುದಾದ ಕೊನೆಯ ಮಿತಿ ಆ ಅಂಕಿ. ಒಳಗಿನ ಗಾಳಿ 36 ಡಿಗ್ರಿ, ಸಾಪೇಕ್ಷ ಆರ್ದ್ರತೆ ಶೇ. 30 ಇದ್ದರೆ ಒದ್ದೆ ಬಲ್ಬ್ ಸುಮಾರು 23 ತೋರಿಸುತ್ತದೆ. 13 ಡಿಗ್ರಿಯ ಅವಕಾಶವಿದೆ, ಅದರಲ್ಲಿ ತೆರೆದ ಕಿಂಡಿಯ ಮನೆಯಲ್ಲಿ ಸಾಧಾರಣ ಫಾಗರ್‌ನಿಂದ 4ರಿಂದ 6 ಡಿಗ್ರಿ ದಕ್ಕಿದರೆ ತೃಪ್ತಿಪಡಬೇಕು. ಮಂಗಳೂರು, ಉಡುಪಿಯ ಕಡೆ ಗಾಳಿ 33 ಡಿಗ್ರಿ, ಆರ್ದ್ರತೆ ಶೇ. 70 ಇದ್ದರೆ ಒದ್ದೆ ಬಲ್ಬ್ 28ಕ್ಕೆ ನಿಲ್ಲುತ್ತದೆ. ಅಲ್ಲಿ ಫಾಗರ್‌ಗೆ ಹಣ ಹಾಕುವ ಬದಲು ನೆರಳು ಮತ್ತು ಎತ್ತರದ ಮಾಡಿಗೆ ಹಾಕುವುದೇ ಸರಿಯೆಂಬುದು ನನ್ನ ಖಚಿತ ಅಭಿಪ್ರಾಯ.

ಫಾಗರ್ ಓಡುವಾಗ ಪರದೆಗಳನ್ನು ಮುಚ್ಚುವುದು ಪದೇ ಪದೇ ಕಾಣುವ ತಪ್ಪು. ತಂಪು ಹೊರಗೆ ಹೋಗುತ್ತದೆಂಬ ಭಯ ಅದಕ್ಕೆ ಕಾರಣ. ಮುಚ್ಚಿದ ಮನೆಯ ಗಾಳಿ ಕೆಲವೇ ಹೊತ್ತಿನಲ್ಲಿ ತೇವದಿಂದ ತುಂಬಿ, ಮುಂದೆ ಹನಿ ಆವಿಯಾಗದೆ ಎಲೆಯ ಮೇಲೆಯೇ ನಿಲ್ಲುತ್ತದೆ. ಅಲ್ಲಿಂದ ಮುಂದೆ ನೀರು ಖರ್ಚಾಗುತ್ತದೆಯೇ ಹೊರತು ಉಷ್ಣತೆ ಇಳಿಯುವುದಿಲ್ಲ. ಕಿಂಡಿಗಳನ್ನು ತೆರೆದಿಟ್ಟು, ಅರ್ಧದಿಂದ ಒಂದು ನಿಮಿಷ ಓಡಿಸಿ, ಎಲೆ ಒಣಗಲು ಕಾಲು ಗಂಟೆ ಬಿಡುವುದು ಸರಿಯಾದ ಕ್ರಮ. ಸಂಜೆ ನಾಲ್ಕರ ನಂತರ ಓಡಿಸಿದರೆ ಎಲೆ ಒದ್ದೆಯಾಗಿಯೇ ರಾತ್ರಿಗೆ ಸಾಗಿ ಶಿಲೀಂಧ್ರ ರೋಗಗಳಿಗೆ ದಾರಿಯಾಗುತ್ತದೆ. ಕೋಲಾರದ ಕೊಳವೆಬಾವಿಗಳ ಗಡಸು ನೀರಿನಲ್ಲಿ ನಾಜಲ್‌ಗಳು ಬಿಳಿ ಉಪ್ಪು ಕಟ್ಟಿ ಮಂಜಿನ ಬದಲು ಹನಿ ಚೆಲ್ಲತೊಡಗುತ್ತವೆ. ಫಾಗರ್ ಓಡಿದ ಮೇಲೆ ಕೆಳಗಿನ ಮಲ್ಚಿಂಗ್ ಹಾಳೆಯ ಮೇಲೆ ನೀರು ಮಡುಗಟ್ಟಿದ್ದರೆ ನಾಜಲ್ ಬಿಚ್ಚಿ ತೊಳೆಯುವ ಸಮಯ ಬಂದಿದೆ ಎಂದರ್ಥ.

ನಮ್ಮ ಉದಾಹರಣೆಯ ಮನೆಯಲ್ಲಿ ಹೊರ ನೆರಳು ಮತ್ತು ಫಾಗರ್ ಎರಡನ್ನೂ ಸರಿಯಾಗಿ ನಡೆಸಿದರೆ 37 ಡಿಗ್ರಿ 31–32ಕ್ಕೆ ಬರಬಹುದು. ಹಗಲಿನ ಮಟ್ಟಿಗೆ ಗಿಡ ಉಸಿರಾಡುತ್ತದೆ. ಏಪ್ರಿಲ್ ರಾತ್ರಿಗಳು ಮಾತ್ರ 22 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತವೆ, ಅದನ್ನು ಇಳಿಸಲು ಕಡಿಮೆ ವೆಚ್ಚದ ಮನೆಯಲ್ಲಿ ಯಾವ ಉಪಾಯವೂ ಇಲ್ಲ. ಹೂವಿನಲ್ಲಿ ಒಂದು ಪಾಲು ನಿಲ್ಲುತ್ತದೆ, ಉಳಿದದ್ದು ಹೋಗುತ್ತದೆ.

ನಾಟಿಯ ದಿನಾಂಕವನ್ನು ಹಿಂದಕ್ಕೆ ಎಣಿಸುವುದು

ಫೆಬ್ರವರಿಯಲ್ಲಿ ನಾಟಿ ಮಾಡಿದ ಗಿಡ ಮಾರ್ಚ್ ನಡುವೆ ಹೂ ಬಿಡಲು ಆರಂಭಿಸುತ್ತದೆ. ಹೂವಿನ ಮುಖ್ಯ ಅಲೆ ಏಪ್ರಿಲ್‌ಗೆ ಬೀಳುತ್ತದೆ, ಬೆಂಗಳೂರು ಸೀಮೆಯಲ್ಲಿ ವರ್ಷದ ಅತಿ ಬಿಸಿಯ ತಿಂಗಳು ಅದೇ. ಯಾವ ಉಪಕರಣವೂ ಕೆಡದಿದ್ದರೂ ಈ ಬೆಳೆ ಸೋಲುವಂತೆಯೇ ನಾಟಿಯಾಗಿದೆ. ಆದ್ದರಿಂದ ವೇಳಾಪಟ್ಟಿಯನ್ನು ಸಸಿ ಸಿಕ್ಕ ದಿನದಿಂದ ಮುಂದಕ್ಕೆ ಎಣಿಸಬಾರದು, ಹೂವು ಬೇಕಾದ ತಿಂಗಳಿಂದ ಹಿಂದಕ್ಕೆ ಎಣಿಸಬೇಕು.

ಬೆಂಗಳೂರಿನ ಸುತ್ತಮುತ್ತ ಸರಾಸರಿ ಗರಿಷ್ಠ ಉಷ್ಣತೆ ಏಪ್ರಿಲ್‌ನಲ್ಲಿ ಸುಮಾರು 34, ಜುಲೈ–ಆಗಸ್ಟ್‌ನಲ್ಲಿ ಸುಮಾರು 28, ಕನಿಷ್ಠ ಸುಮಾರು 20 ಡಿಗ್ರಿ. ಸ್ವಸ್ಥವಾದ ಮನೆ ಇದಕ್ಕೆ 3 ಡಿಗ್ರಿ ಸೇರಿಸಿದರೂ ಒಳಗೆ 31ಕ್ಕೆ ನಿಲ್ಲುತ್ತದೆ. ಹೀಗಾಗಿ ಮೊದಲ ಹೂವು ಆಗಸ್ಟ್ ಆರಂಭದಲ್ಲಿ ಬರಲಿ ಎಂದು ನಿಗದಿಪಡಿಸೋಣ. ನಾಟಿಯಿಂದ ಹೂವಿಗೆ ಸುಮಾರು 30 ದಿನ, ಹಾಗಾಗಿ ನಾಟಿ ಜುಲೈ ಮೊದಲ ವಾರ. ಸಸಿಗೆ 35ರಿಂದ 40 ದಿನ ಬೇಕು, ಆದ್ದರಿಂದ ಟ್ರೇಗಳಲ್ಲಿ ಬಿತ್ತನೆ ಮೇ ಕೊನೆಯ ವಾರ. ಮಡಿಯ ಸಿದ್ಧತೆ ಅದೇ ಹೊತ್ತಿಗೆ ಮುಗಿದಿರಬೇಕು. ಬಣ್ಣದ ಕಾಯಿಯ ಮೊದಲ ಕೊಯ್ಲು ನಾಟಿಯಾದ 80ರಿಂದ 90 ದಿನಕ್ಕೆ, ಅಂದರೆ ಸೆಪ್ಟೆಂಬರ್ ಕೊನೆಗೆ. ಅಲ್ಲಿಂದ ಮಾರ್ಚ್‌ವರೆಗೆ ಅಲೆಅಲೆಯಾಗಿ ಕೊಯ್ಲು ನಡೆಯುತ್ತದೆ.

ಈ ವೇಳಾಪಟ್ಟಿಯೊಳಗೂ ಒಂದು ದುರ್ಬಲ ಭಾಗವಿದೆ. ಡಿಸೆಂಬರ್–ಜನವರಿಯಲ್ಲಿ ಚಿಕ್ಕಬಳ್ಳಾಪುರದ ರಾತ್ರಿಗಳು 16 ಡಿಗ್ರಿಗಿಂತ ಕೆಳಗಿಳಿಯುತ್ತವೆ. ಆಗ ಹೂವು ಉದುರುವುದು ಕಡಿಮೆ, ಬದಲಾಗಿ ಕಾಯಿ ಕಚ್ಚಿ ಚಪ್ಪಟೆಯಾಗಿ, ಗುಂಡಿಯಷ್ಟೇ ಗಾತ್ರದಲ್ಲಿ ನಿಲ್ಲುತ್ತದೆ. ಅಂಥ ಕಾಯಿಯನ್ನು ಅಡ್ಡ ಕತ್ತರಿಸಿದರೆ ಬೀಜ ಇರುವುದಿಲ್ಲ ಅಥವಾ ಬೆರಳೆಣಿಕೆಯಷ್ಟಿರುತ್ತದೆ. ಬೀಜವಿಲ್ಲದ ಗುಂಡಿಕಾಯಿ ತಂಪಿನಿಂದ ಪರಾಗ ಸೋತದ್ದರ ಗುರುತು, ಗೊಬ್ಬರದ ಕೊರತೆಯದ್ದಲ್ಲ. ಸಂಜೆ ನಾಲ್ಕೂವರೆಗೆ, ಮನೆಯಲ್ಲಿ ಇನ್ನೂ ಬಿಸಿ ಇರುವಾಗಲೇ, ಪಕ್ಕದ ಪರದೆಗಳನ್ನು ಇಳಿಸಿ ಬೆಳಿಗ್ಗೆ ಒಳಗಿನ ತೇವ ಹೊರಹೋಗುವಂತೆ ಬೇಗ ತೆರೆಯುವುದರಿಂದ ಒಂದೆರಡು ಡಿಗ್ರಿ ಉಳಿಸಿಕೊಳ್ಳಬಹುದು. ಒಂದೇ ಪದರದ ಹಾಳೆಯ ಮನೆ ತಿಳಿ ಆಕಾಶದ ರಾತ್ರಿಯಲ್ಲಿ ಶಾಖವನ್ನು ಹೆಚ್ಚು ಹೊತ್ತು ಹಿಡಿದಿಡುವುದಿಲ್ಲವಾದ್ದರಿಂದ ಅದಕ್ಕಿಂತ ಹೆಚ್ಚು ನಿರೀಕ್ಷಿಸಬಾರದು.

ಬೆಳೆಯನ್ನು ಎಲ್ಲಿ ನಿಲ್ಲಿಸಬೇಕು ಎಂಬುದನ್ನೂ ಹೀಗೆಯೇ ಎಣಿಸಬೇಕು. ಹೂವಿನಿಂದ ಪೂರ್ಣ ಬಣ್ಣದ ಕಾಯಿಗೆ ಸುಮಾರು ಎರಡು ತಿಂಗಳು ಬೇಕು. ಕೊನೆಯ ಕೊಯ್ಲು ಮಾರ್ಚ್ ಅಂತ್ಯಕ್ಕೆ ಮುಗಿಯಬೇಕೆಂದರೆ ಜನವರಿ ಕೊನೆಯ ನಂತರ ಬಂದ ಹೂವಿನಿಂದ ಪ್ರಯೋಜನವಿಲ್ಲ, ಆಗ ತುದಿ ಚಿವುಟಿ ಗಿಡದ ಶಕ್ತಿಯನ್ನು ಇರುವ ಕಾಯಿಗಳಿಗೆ ಹರಿಸುವುದು ಲೇಸು. ಹಸಿರು ಕಾಯಿಯಾಗಿಯೇ ಮಾರುವುದಾದರೆ ಇನ್ನೂ ಒಂದು ಅಲೆಯನ್ನು ಉಳಿಸಿಕೊಳ್ಳಲು ಅವಕಾಶವಿದೆ. ಮಾರ್ಚ್‌ನಲ್ಲೂ ಹಸಿರಾಗಿರುವ ಗಿಡವನ್ನು ಕಿತ್ತುಹಾಕಲು ಮನಸ್ಸು ಬಾರದೆ ಏಪ್ರಿಲ್–ಮೇ ತನಕ ನೀರು, ಗೊಬ್ಬರ ಉಣಿಸುವುದು ಉದುರುವ ಹೂವಿಗೆ ಖರ್ಚು ಮಾಡಿದಂತೆ.

ರಾಯಚೂರು, ಕಲಬುರಗಿಯಂಥ ಜಿಲ್ಲೆಗಳಲ್ಲಿ ಬೇಸಿಗೆಯ ಗರಿಷ್ಠ 40 ಡಿಗ್ರಿಯ ಸಮೀಪಕ್ಕೆ ಹೋಗುವುದರಿಂದ ಅಲ್ಲಿ ಇದೇ ಲೆಕ್ಕವನ್ನು ಮತ್ತೆ ಮಾಡಬೇಕು, ದಿನಾಂಕಗಳನ್ನು ನಕಲು ಮಾಡಬಾರದು. ಹೂವಿನ ಮುಖ್ಯ ಅಲೆ ಅಕ್ಟೋಬರ್‌ನಿಂದ ಜನವರಿಯೊಳಗೆ ಬರುವಂತೆ ನಾಟಿಯನ್ನು ಆಗಸ್ಟ್ ಕೊನೆ ಅಥವಾ ಸೆಪ್ಟೆಂಬರ್‌ಗೆ ದೂಡಿದರೆ ಬೆಳೆಯ ಅವಧಿ ಕಿರಿದಾಗುತ್ತದೆ, ಆದರೆ ಇರುವ ಹೂವು ನಿಲ್ಲುತ್ತದೆ.

ಖಾಲಿಯಾದ ಏಪ್ರಿಲ್–ಮೇ ತಿಂಗಳುಗಳಿಗೂ ಕೆಲಸವಿದೆ. ಗಿಡದ ಬೇರು ಸಹಿತ ಎಲ್ಲವನ್ನೂ ತೆಗೆದು, ಮಡಿಗಳನ್ನು ಸಡಿಲಿಸಿ, ಚೆನ್ನಾಗಿ ನೀರು ಕೊಟ್ಟು, ತೆಳುವಾದ ಪಾರದರ್ಶಕ ಹಾಳೆಯನ್ನು ಮಣ್ಣಿಗೆ ಅಂಟಿಕೊಂಡಿರುವಂತೆ ಹೊದಿಸಿ, ಅಂಚುಗಳಿಗೆ ಮಣ್ಣು ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಸೊರಗು ರೋಗದ ಶಿಲೀಂಧ್ರಗಳೂ ಬೇರುಗಂಟು ಜಂತುಗಳೂ ಮೇಲ್ಮಣ್ಣಿನಲ್ಲಿ ಗಣನೀಯವಾಗಿ ಕಡಿಮೆಯಾಗುತ್ತವೆ. ಕಪ್ಪು ಮಲ್ಚಿಂಗ್ ಹಾಳೆ ಇದಕ್ಕೆ ಅಷ್ಟು ಒದಗುವುದಿಲ್ಲ, ಏಕೆಂದರೆ ಅದು ಬಿಸಿಲನ್ನು ಮಣ್ಣಿಗೆ ಬಿಡದೆ ತಾನೇ ಹೀರುತ್ತದೆ. ಈ ವಾರಗಳಲ್ಲಿ ಮಾತ್ರ ಪಕ್ಕದ ಪರದೆ, ನೆತ್ತಿಯ ಕಿಂಡಿ ಎಲ್ಲವನ್ನೂ ಬಿಗಿಯಾಗಿ ಮುಚ್ಚಿಡಬೇಕು. ಹಾಳೆ ತೆಗೆದ ದಿನವೇ ಕಿಂಡಿಗಳನ್ನು ತೆರೆದು, ಬಲೆ ತೊಳೆದು, ಪರದೆಯ ಪೈಪ್‌ಗಳು ಸಲೀಸಾಗಿ ಸುತ್ತುತ್ತವೆಯೇ ಎಂದು ಪರೀಕ್ಷಿಸಿ, ಎರಡು ಥರ್ಮಾಮೀಟರ್‌ಗಳ ಅಳತೆಯನ್ನು ಖಾಲಿ ಮನೆಯಲ್ಲೇ ಒಮ್ಮೆ ತೆಗೆದು ದಾಖಲಿಸಬೇಕು. ನೀರನ್ನು ಆವಿಯಾಗಿಸುವ ಗಿಡಗಳಿಲ್ಲದ ಕಾರಣ ಖಾಲಿ ಮನೆಯ ವ್ಯತ್ಯಾಸ ಬೆಳೆ ಇರುವ ಮನೆಗಿಂತ ಹೆಚ್ಚಾಗಿಯೇ ಬರುತ್ತದೆ, ಆದ್ದರಿಂದ ಅದನ್ನು ಮೇಲಿನ ಮಿತಿಗಳಿಗೆ ಹೋಲಿಸದೆ ಪ್ರತಿ ವರ್ಷದ ಖಾಲಿ ಮನೆಯ ಅಂಕಿಗಳನ್ನು ಪರಸ್ಪರ ಹೋಲಿಸಿ ನೋಡಬೇಕು.